1,050ರ ಕಾಲ್‌ನಲ್ಲಿ ಒಂದೇ ದಿನ 5,000 ಓಪನ್ ಇಂಟರೆಸ್ಟ್ ಏರಿದೆ: ಅಲ್ಲಿ ಕುಳಿತವರು ಯಾರೆಂದು ಇದರಿಂದ ತಿಳಿಯಬಹುದೇ?

ವಸಂತ

ಆರು ತಿಂಗಳಿನಿಂದ ಒಂದೇ ಶೇರಿನ ಆಪ್ಷನ್ ಚೈನ್ ಅನ್ನು ಪ್ರತಿದಿನ ಬರೆದಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ನಿನ್ನೆ ಶೇರು 985ರಿಂದ 1,012ಕ್ಕೆ ಏರಿತು. ಎಕ್ಸ್‌ಪೈರಿಗೆ ಇನ್ನೂ 29 ದಿನಗಳಿವೆ. 1,050ರ ಕಾಲ್‌ನಲ್ಲಿ ವಾಲ್ಯೂಮ್ 8,000 ಆಗಿದ್ದು, ಓಪನ್ ಇಂಟರೆಸ್ಟ್, ಅಂದರೆ ಇನ್ನೂ ಮುಚ್ಚದೆ ಉಳಿದಿರುವ ಕಾಂಟ್ರಾಕ್ಟ್‌ಗಳ ಸಂಖ್ಯೆ, 6,200ರಿಂದ 11,200ಕ್ಕೆ ಏರಿದೆ. ಇಡೀ ಚೈನಿನಲ್ಲಿ ಈಗ ಇದೇ ಅತಿ ಹೆಚ್ಚು. ಕಾಲ್ ಬರೆದವರು, ಅಂದರೆ ದೊಡ್ಡ ಹಣವುಳ್ಳವರು, 1,050ರಲ್ಲಿ ಗೋಡೆ ಕಟ್ಟಿದ್ದಾರೆ, ಶೇರು ಅದನ್ನು ದಾಟಲು ಬಿಡುವುದಿಲ್ಲ ಎಂದು ನಾನು ಓದಿಕೊಂಡೆ. ಈ ಓದು ಎಷ್ಟರ ಮಟ್ಟಿಗೆ ಸರಿ ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಚಾರ್ಟ್‌ಮಿತ್ರ

ನಿಮ್ಮ ದಾರಿ ಸರಿಯಿದೆ, ಆದರೆ ಒಂದು ಹೆಜ್ಜೆ ಬಿಟ್ಟಿದ್ದೀರಿ. ಓಪನ್ ಇಂಟರೆಸ್ಟ್ ಏರಿದ್ದನ್ನು ಮಾತ್ರ ನೋಡಿದರೆ ಸಾಲದು, ಪ್ರೀಮಿಯಂ ಯಾವ ಕಡೆ ಹೋಯಿತು ಎಂಬುದನ್ನೂ ಜೊತೆಗಿಟ್ಟು ನೋಡಬೇಕು. ಎರಡೂ ಏರಿದ್ದರೆ ಕೊಳ್ಳುವವರು ಬಂದಿದ್ದಾರೆ, ಪ್ರೀಮಿಯಂ ಇಳಿದು ಓಪನ್ ಇಂಟರೆಸ್ಟ್ ಏರಿದ್ದರೆ ಬರೆಯುವವರು ಬಂದಿದ್ದಾರೆ. ನಾನು ಹಲವು ವರ್ಷಗಳಿಂದ ಹೀಗೆಯೇ ನೋಡುತ್ತಿದ್ದೇನೆ. ಪ್ರೀಮಿಯಂ ಎಷ್ಟಿತ್ತು, ಎಷ್ಟಾಯಿತು ಎಂದು ತಿಳಿಸಿ.

ವಸಂತ

12ರಿಂದ 17ಕ್ಕೆ ಏರಿತು, ಸರ್. ಹಾಗಾದರೆ ಬಂದವರು ಕೊಳ್ಳುವವರೇ?

ಲೆಕ್ಕಿಗ

ಉತ್ತರಕ್ಕೆ ಮೊದಲು ಸಂಖ್ಯೆಗಳು ತಮ್ಮಷ್ಟಕ್ಕೆ ಏನು ಹೇಳುತ್ತವೆ ಎಂಬುದನ್ನು ನೋಡೋಣ. ನಾನು ತೀರುವಳಿ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನು. ಅಲ್ಲಿ ಪ್ರತಿಯೊಂದು ವ್ಯವಹಾರವೂ ಎರಡು ಸಾಲುಗಳಾಗಿ ಬರುತ್ತದೆ: ಕೊಂಡವರದು ಒಂದು, ಮಾರಿದವರದು ಒಂದು. ಪ್ರತಿ ಸಾಲಿನವರೂ ಹೊಸದಾಗಿ ಒಳಬರುತ್ತಿರಬಹುದು ಅಥವಾ ಹಳೆಯದನ್ನು ಮುಚ್ಚಿ ಹೊರಹೋಗುತ್ತಿರಬಹುದು. ಇಬ್ಬರೂ ಒಳಬಂದರೆ ಓಪನ್ ಇಂಟರೆಸ್ಟ್ ಒಂದು ಏರುತ್ತದೆ, ಇಬ್ಬರೂ ಹೊರಹೋದರೆ ಒಂದು ಇಳಿಯುತ್ತದೆ, ಒಬ್ಬರು ಬಂದು ಇನ್ನೊಬ್ಬರು ಹೋದರೆ ಅದು ಇದ್ದಲ್ಲೇ ಇರುತ್ತದೆ. ವಾಲ್ಯೂಮ್ ಮಾತ್ರ ಈ ಮೂರು ಸಂದರ್ಭಗಳಲ್ಲೂ ಒಂದೊಂದೇ ಏರುತ್ತದೆ.

ಈಗ ನಿಮ್ಮ 8,000 ಮತ್ತು 5,000ಕ್ಕೆ ಬರೋಣ. ಇಬ್ಬರೂ ಒಳಬಂದ ಕಾಂಟ್ರಾಕ್ಟ್‌ಗಳಲ್ಲಿ ಇಬ್ಬರೂ ಹೊರಹೋದವನ್ನು ಕಳೆದರೆ 5,000 ಬರಬೇಕು, ಮೂರೂ ಬಗೆಯವನ್ನು ಕೂಡಿದರೆ 8,000 ಆಗಬೇಕು. ಇಬ್ಬರೂ ಹೊರಹೋದದ್ದು ಒಂದೂ ಇಲ್ಲವೆಂದುಕೊಂಡರೆ, ಇಬ್ಬರೂ ಒಳಬಂದದ್ದು 5,000 ಮತ್ತು ಕೈ ಬದಲಾದದ್ದು 3,000. ಕೈ ಬದಲಾದದ್ದು ಒಂದೂ ಇಲ್ಲವೆಂದುಕೊಂಡರೆ, ಒಳಬಂದದ್ದು 6,500 ಮತ್ತು ಹೊರಹೋದದ್ದು 1,500. ನಿಜವಾದ ಸಂಖ್ಯೆ ಈ ಎರಡು ತುದಿಗಳ ನಡುವೆ ಎಲ್ಲೋ ಇದೆ. ಅಂದರೆ ಎರಡೂ ಬದಿಯಲ್ಲಿ ಹೊಸಬರಿದ್ದ ಕಾಂಟ್ರಾಕ್ಟ್‌ಗಳು 5,000ಕ್ಕಿಂತ ಕಡಿಮೆ ಇರಲಾರವು, 6,500ಕ್ಕಿಂತ ಹೆಚ್ಚಿರಲಾರವು. ಇಷ್ಟನ್ನು ಖಚಿತವಾಗಿ ಹೇಳಬಹುದು.

ಇದಕ್ಕಿಂತ ಮುಂದೆ ಹೋಗಲು ಈ ಎರಡು ಸಂಖ್ಯೆಗಳಲ್ಲಿ ದಾರಿ ಇಲ್ಲ. ಬರೆದವರು 5,000 ಜನರಷ್ಟು ಬಂದರು ಎನ್ನುವುದಾದರೆ ಕೊಂಡವರೂ ಅಷ್ಟೇ ಬಂದಿದ್ದಾರೆ. ‘ಬರೆದವರ ಗೋಡೆ’ ಎನ್ನುವ ಮಾತಿಗೆ ಇರುವಷ್ಟೇ ಆಧಾರ ‘ಕೊಂಡವರ ಏಣಿ’ ಎನ್ನುವ ಮಾತಿಗೂ ಇದೆ.

ನವೀನ

ನನ್ನ ಬಳಿಯೂ ಇಂಥದ್ದೇ ಸಮಸ್ಯೆಯಿದೆ. ನಾನು ನೋಡುತ್ತಿರುವ ಒಂದು ಪುಟ್‌ನಲ್ಲಿ ಓಪನ್ ಇಂಟರೆಸ್ಟ್ ಕೇವಲ 900 ಇದ್ದು, ವಾಲ್ಯೂಮ್ 15,000 ತೋರಿಸುತ್ತಿದೆ. ಇರುವುದೇ 900 ಆದರೆ 15,000 ಮಾರಾಟವಾಗುವುದು ಹೇಗೆ? ಇದು ದತ್ತಾಂಶದ ದೋಷವೆಂದು ನನ್ನ ಬ್ರೋಕರ್‌ಗೆ ಪತ್ರ ಬರೆದಿದ್ದೇನೆ.

ಲೆಕ್ಕಿಗ

ನವೀನ ಅವರೇ, ಅದು ದೋಷವಾಗಿರಬೇಕೆಂದಿಲ್ಲ. ಬೆಳಿಗ್ಗೆ ಬಂದು ಮಧ್ಯಾಹ್ನ ಹೋಗುವವರು ಒಂದೇ ಕಾಂಟ್ರಾಕ್ಟನ್ನು ದಿನದಲ್ಲಿ ಹತ್ತು ಬಾರಿ ಕೈ ಬದಲಾಯಿಸಿದರೆ ವಾಲ್ಯೂಮ್ ಹತ್ತಾಗುತ್ತದೆ, ಸಂಜೆಗೆ ಎಲ್ಲರೂ ಮುಚ್ಚಿಕೊಂಡು ಹೋಗಿದ್ದರೆ ಓಪನ್ ಇಂಟರೆಸ್ಟಿನಲ್ಲಿ ಅದರ ಗುರುತೂ ಉಳಿಯುವುದಿಲ್ಲ. ಎಕ್ಸ್‌ಪೈರಿ ಹತ್ತಿರವಿರುವ ಸ್ಟ್ರೈಕ್‌ಗಳಲ್ಲಿ ಇದು ಸಾಮಾನ್ಯ. ಇನ್ನೊಂದು ವಿಷಯವನ್ನೂ ಪರಿಶೀಲಿಸಿ. ನೀವು ನೋಡುತ್ತಿರುವ ಓಪನ್ ಇಂಟರೆಸ್ಟ್ ಈ ಕ್ಷಣದ್ದೋ, ನಿನ್ನೆಯ ತೀರುವಳಿಯದೋ? ಹಲವು ಕಡೆ ಅದನ್ನು ದಿನಕ್ಕೊಮ್ಮೆ ಮಾತ್ರ ಲೆಕ್ಕಹಾಕಿ ಮರುದಿನ ಬೆಳಿಗ್ಗೆ ಪ್ರಕಟಿಸುತ್ತಾರೆ. ಹಾಗಿದ್ದರೆ ನಿಮ್ಮ ಪರದೆಯಲ್ಲಿ ಇಂದಿನ ವಾಲ್ಯೂಮ್ ಪಕ್ಕದಲ್ಲಿ ನಿನ್ನೆಯ ಓಪನ್ ಇಂಟರೆಸ್ಟ್ ಕುಳಿತಿರುತ್ತದೆ, ಅವೆರಡನ್ನೂ ಹೋಲಿಸಲು ನಾಳೆಯವರೆಗೆ ಕಾಯಬೇಕಾಗುತ್ತದೆ.

ಚಾರ್ಟ್‌ಮಿತ್ರ

ಲೆಕ್ಕಿಗರೇ, ಪ್ರತಿ ಕಾಂಟ್ರಾಕ್ಟಿಗೂ ಇಬ್ಬರಿದ್ದಾರೆ ಎಂಬುದನ್ನು ನಾನೂ ಬಲ್ಲೆ. ಆದರೆ ಆತುರ ಯಾರದ್ದು ಎಂಬುದು ಮುಖ್ಯವಲ್ಲವೇ? ಪ್ರೀಮಿಯಂ 12ರಿಂದ 17ಕ್ಕೆ ಏರಿದೆ ಎಂದರೆ ಕೊಳ್ಳುವವರೇ ಆತುರಪಟ್ಟಿದ್ದಾರೆ. ಪ್ರೀಮಿಯಂ ಸೇರಿಸಿ ನೋಡಬೇಕೆಂದು ನಾನು ಹೇಳಿದ್ದು ಅದಕ್ಕಾಗಿಯೇ.

ಲೆಕ್ಕಿಗ

ಆತುರ ಯಾರದೆಂದು ಕೇಳುವುದು ಸರಿಯಾದ ಪ್ರಶ್ನೆ, ಆದರೆ ಬರಿಯ ಪ್ರೀಮಿಯಂ ಅದಕ್ಕೆ ಉತ್ತರಿಸುವುದಿಲ್ಲ. ಶೇರು 27 ಏರಿದ ದಿನ ಕಾಲ್‌ನ ಪ್ರೀಮಿಯಂ ಯಾರೂ ವ್ಯವಹಾರ ಮಾಡದಿದ್ದರೂ ಏರಬೇಕು. ಎಷ್ಟು ಏರಬೇಕಿತ್ತು ಎಂಬುದರೊಡನೆ ಎಷ್ಟು ಏರಿತು ಎಂಬುದನ್ನು ಹೋಲಿಸಿ ನೋಡಿ. ಹಿಂದಿನ ದಿನ 12ರ ಪ್ರೀಮಿಯಂಗೆ ಇಂಪ್ಲೈಡ್ ವೊಲಟಿಲಿಟಿ, ಅಂದರೆ ಪ್ರೀಮಿಯಂನಲ್ಲಿ ಅಡಗಿರುವ ಏರಿಳಿತದ ನಿರೀಕ್ಷೆ, ಚಿಕ್ಕದಾಗಿ ಐವಿ, ಸುಮಾರು ಶೇಕಡಾ 30 ಬರುತ್ತದೆ. ಅದೇ 30 ಉಳಿದಿದ್ದರೆ, ಒಂದು ದಿನದ ಸವಕಳಿಯನ್ನು ಕಳೆದ ಮೇಲೂ, 1,012ರ ಬೆಲೆಗೆ ಈ ಕಾಲ್ ಸುಮಾರು 19 ಆಗಬೇಕಿತ್ತು. ಆಗಿದ್ದು 17. ಆ 2ರ ಕೊರತೆ ಎಂದರೆ ಐವಿ 30ರಿಂದ 28ರ ಆಸುಪಾಸಿಗೆ ಇಳಿದಿದೆ. ನೀವು ಕೊಳ್ಳುವವರ ಆತುರವೆಂದು ಓದಿದ ಏರಿಕೆಯೊಳಗೆ ಮಾರುವವರ ಒತ್ತಡವೇ ಅಡಗಿರಬಹುದು.

ಇರಬಹುದು ಎಂದಷ್ಟೇ ಹೇಳುತ್ತಿದ್ದೇನೆ. ಶೇರು ಏರಿದ ದಿನ ಎಲ್ಲ ಸ್ಟ್ರೈಕ್‌ಗಳ ಐವಿ ಒಟ್ಟಿಗೆ ಇಳಿಯುವುದು ಸಾಮಾನ್ಯ ಸಂಗತಿ. ಆದ್ದರಿಂದ ವಸಂತ ಅವರು ಅಕ್ಕಪಕ್ಕದ ಸ್ಟ್ರೈಕ್‌ಗಳ ಐವಿಯನ್ನೂ ಕೊಟ್ಟರೆ, 1,050ರದ್ದು ಅವಕ್ಕಿಂತ ಹೆಚ್ಚು ಇಳಿದಿದೆಯೇ ಎಂದು ನೋಡಬಹುದು.

ವಸಂತ

1,000 ಮತ್ತು 1,100, ಎರಡರಲ್ಲೂ ಐವಿ ಸುಮಾರು ಒಂದೂವರೆ ಅಂಶ ಇಳಿದಿದೆ. ನೋಡುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅದೇ ದಿನ 1,000ದ ಕಾಲ್‌ನಲ್ಲಿ ವಾಲ್ಯೂಮ್ 9,300 ಆಗಿದ್ದು, ಓಪನ್ ಇಂಟರೆಸ್ಟ್ 14,100ರಿಂದ 9,500ಕ್ಕೆ ಇಳಿದಿದೆ. ಹಾಗಾದರೆ 1,000ದಲ್ಲಿದ್ದ ಬರೆದವರು ಹೆದರಿ ಓಡಿ 1,050ಕ್ಕೆ ಹೋದರು ಎನ್ನಬಹುದೇ?

ಸುಮತಿ

ಇಲ್ಲಿ ನನ್ನ ಅನುಭವವನ್ನು ಹೇಳಬೇಕೆನಿಸುತ್ತದೆ. ನನ್ನ ಬಳಿ ಹಲವು ವರ್ಷಗಳಿಂದ ಇಟ್ಟುಕೊಂಡಿರುವ ಶೇರುಗಳಿವೆ, ಅವುಗಳ ಮೇಲೆ ಪ್ರತಿ ತಿಂಗಳು ಕಾಲ್ ಬರೆಯುತ್ತೇನೆ. ಶೇರು ನಾನು ಬರೆದ ಸ್ಟ್ರೈಕ್‌ನ ಹತ್ತಿರ ಬಂದರೆ ಆ ಕಾಲ್ ಅನ್ನು ಮರಳಿ ಕೊಂಡು, ಮೇಲಿನ ಸ್ಟ್ರೈಕ್‌ನಲ್ಲಿ ಹೊಸದನ್ನು ಬರೆಯುತ್ತೇನೆ. ಇದರಲ್ಲಿ ಹೆದರಿಕೆಯೂ ಇಲ್ಲ, ಶೇರು ಬೀಳುತ್ತದೆ ಎಂಬ ನಂಬಿಕೆಯೂ ಇಲ್ಲ. ಶೇರು ಏರಿದರೆ ನನಗೆ ಸಂತೋಷವೇ, ಏಕೆಂದರೆ ನನ್ನ ಬಹುಪಾಲು ಹಣ ಇರುವುದು ಶೇರಿನಲ್ಲಿ. ಆದರೆ ಚೈನ್ ನೋಡುವವರು ನನ್ನನ್ನು ‘ಇಳಿಕೆಯ ಪರ ಇರುವ ಬರೆದವರು’ ಎಂದು ಎಣಿಸುತ್ತಾರೆ. ನನ್ನ ಶೇರುಗಳು ಆ ಪರದೆಯಲ್ಲಿ ಎಲ್ಲೂ ಕಾಣುವುದಿಲ್ಲವಲ್ಲ.

ಲೆಕ್ಕಿಗ

ಸುಮತಿ ಅವರು ಹೇಳಿದ್ದು ಈ ಪ್ರಶ್ನೆಯ ಮರ್ಮಕ್ಕೇ ತಾಗುತ್ತದೆ, ಅದನ್ನು ಸ್ವಲ್ಪ ಬಿಡಿಸಿ ನೋಡುತ್ತೇನೆ.

ಸುಮತಿ ಅವರಂಥವರು 1,000ವನ್ನು ಮರಳಿ ಕೊಂಡು 1,050ನ್ನು ಬರೆದರೆ, ಎದುರಿಗಿರುವುದು ಬಹುಪಾಲು ಮಾರ್ಕೆಟ್ ಮೇಕರ್, ಅಂದರೆ ಕೊಳ್ಳಲೂ ಮಾರಲೂ ಸದಾ ಬೆಲೆ ಕೊಡುವ ವ್ಯಾಪಾರಿ. ಹಿಂದೆ 1,000ದ ಕಾಲ್ ಅನ್ನು ಅವರಿಂದ ಕೊಂಡಿದ್ದ ಮೇಕರ್ ಈಗ ಅದನ್ನು ಮಾರಿ ಮುಚ್ಚುತ್ತಾರೆ, ಹಾಗಾಗಿ ಅಲ್ಲಿ ಓಪನ್ ಇಂಟರೆಸ್ಟ್ ಇಳಿಯುತ್ತದೆ. 1,050ರಲ್ಲಿ ಇಬ್ಬರೂ ಹೊಸದಾಗಿ ಒಳಬರುತ್ತಾರೆ, ಇಲ್ಲಿ ಏರುತ್ತದೆ.

ಈಗ ಇನ್ನೊಬ್ಬರನ್ನು ಕಲ್ಪಿಸಿಕೊಳ್ಳಿ. ಅವರು ಶೇರು ಏರುತ್ತದೆಂದು 1,000ದ ಕಾಲ್ ಅನ್ನು ಹಿಂದೆಯೇ ಕೊಂಡಿದ್ದರು. ಶೇರು ಏರಿತು, ಲಾಭ ಬಂತು. ಅವರು 1,000ವನ್ನು ಮಾರಿ ಲಾಭ ತೆಗೆದುಕೊಂಡು, ಆ ಹಣದ ಒಂದು ಭಾಗದಲ್ಲಿ 1,050ನ್ನು ಕೊಳ್ಳುತ್ತಾರೆ, ಏಕೆಂದರೆ ಇನ್ನೂ ಏರುತ್ತದೆ ಎಂದು ನಂಬಿದ್ದಾರೆ. 1,000ವನ್ನು ಅವರಿಗೆ ಮಾರಿದ್ದ ಮೇಕರ್ ಈಗ ಕೊಂಡು ಮುಚ್ಚುತ್ತಾರೆ. ಅಲ್ಲಿ ಓಪನ್ ಇಂಟರೆಸ್ಟ್ ಇಳಿಯುತ್ತದೆ, ಇಲ್ಲಿ ಏರುತ್ತದೆ.

ಈ ಎರಡೂ ಕಥೆಗಳು ಚೈನಿನಲ್ಲಿ ಬಿಡುವ ಹೆಜ್ಜೆಗುರುತು ಒಂದೇ: 1,000ದಲ್ಲಿ ಸುಮಾರು 4,600 ಕಡಿಮೆ, 1,050ರಲ್ಲಿ 5,000 ಹೆಚ್ಚು. ಒಬ್ಬರು ಮೇಲಿನ ಲಾಭವನ್ನು ಮಾರುತ್ತಿದ್ದಾರೆ, ಇನ್ನೊಬ್ಬರು ಅದನ್ನೇ ಕೊಳ್ಳುತ್ತಿದ್ದಾರೆ. ವಸಂತ ಅವರು ಕೇಳಿದ ‘ಬರೆದವರು ಓಡಿದರು’ ಎಂಬುದಕ್ಕೂ ಇದೇ ಉತ್ತರ. 1,000ದಲ್ಲಿ ಇಳಿದ 4,600ರಲ್ಲಿ ಮುಚ್ಚಿದ ಪ್ರತಿ ಬರೆದವರ ಎದುರು ಮುಚ್ಚಿದ ಕೊಂಡವರೊಬ್ಬರು ಇದ್ದಾರೆ, ಯಾರು ಓಡಿದರು, ಯಾರು ಲಾಭ ಕಟ್ಟಿಕೊಂಡು ಹೊರಟರು ಎಂದು ಆ ಸಂಖ್ಯೆ ಹೇಳುವುದಿಲ್ಲ.

ಐವಿಯ ವಿಷಯಕ್ಕೆ ಬಂದರೆ, ಅಕ್ಕಪಕ್ಕದವು ಒಂದೂವರೆ ಇಳಿದಿರುವಾಗ 1,050ರದ್ದು ಎರಡು ಇಳಿದಿದೆ. ಉಳಿಯುವುದು ಅರ್ಧ ಅಂಶ. ಈ ಸ್ಟ್ರೈಕ್‌ಗೆ ಐವಿಯ ಒಂದು ಅಂಶ ಪ್ರೀಮಿಯಂನಲ್ಲಿ ಸುಮಾರು 1ಕ್ಕೆ ಸಮ, ಹಾಗಾಗಿ ಆ ಅರ್ಧ ಅಂಶ ಬಿಡ್ ಮತ್ತು ಆಸ್ಕ್ ನಡುವಿನ ಅಂತರದಲ್ಲೇ ಮುಳುಗಿಹೋಗುವಷ್ಟು ಚಿಕ್ಕದು. ಮಾರುವವರ ಕಡೆಗೆ ಕೊಂಚ ವಾಲುತ್ತದೆ ಎನ್ನಬಹುದು, ಅದಕ್ಕಿಂತ ಹೆಚ್ಚಿನ ತೂಕವನ್ನು ನಾನು ಅದಕ್ಕೆ ಕೊಡಲಾರೆ.

ಚಾರ್ಟ್‌ಮಿತ್ರ

ಯಾರೇ ಇರಲಿ, ಹೆಚ್ಚು ಓಪನ್ ಇಂಟರೆಸ್ಟ್ ಇರುವ ಕಾಲ್ ಸ್ಟ್ರೈಕ್ ಅನ್ನು ಶೇರು ದಾಟದೆ ಉಳಿಯುವುದನ್ನು ಹತ್ತರಲ್ಲಿ ಏಳೆಂಟು ಬಾರಿ ನಾನು ಕಣ್ಣಾರೆ ಕಂಡಿದ್ದೇನೆ. ಫಲಿತಾಂಶ ಸಿಗುತ್ತಿರುವಾಗ ಕಾರಣ ತಿಳಿಯದಿದ್ದರೂ ನಡೆಯುತ್ತದೆ.

ಇಳಾ

ಚಾರ್ಟ್‌ಮಿತ್ರ ಅವರೇ, ನಿಮ್ಮ ಎಣಿಕೆಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ಅದನ್ನು ಯಾವುದರೊಡನೆ ಹೋಲಿಸಿದಿರಿ ಎಂದು ಕೇಳಬೇಕಾಗಿದೆ. ವಸಂತ ಅವರ ಶೇರು 985ರಲ್ಲಿದ್ದಾಗ, 30ರ ಐವಿಗೆ, ಎಕ್ಸ್‌ಪೈರಿಯಲ್ಲಿ ಅದು 1,050ಕ್ಕಿಂತ ಕೆಳಗಿರುವ ಸಾಧ್ಯತೆ ಆಪ್ಷನ್ ಬೆಲೆಗಳ ಪ್ರಕಾರವೇ ಸುಮಾರು ಶೇಕಡಾ 78. ಅಲ್ಲಿ ಓಪನ್ ಇಂಟರೆಸ್ಟ್ 11,200 ಇದ್ದರೂ 12 ಇದ್ದರೂ ‘ಗೋಡೆ’ ಹತ್ತರಲ್ಲಿ ಏಳೆಂಟು ಬಾರಿ ನಿಂತಂತೆಯೇ ಕಾಣುತ್ತದೆ. ದೂರದ ಸ್ಟ್ರೈಕ್‌ಗಳು ಹೆಚ್ಚಾಗಿ ಮುಟ್ಟದೆ ಉಳಿಯುತ್ತವೆ, ಓಪನ್ ಇಂಟರೆಸ್ಟ್ ಹೆಚ್ಚಾಗಿ ಅಂಥ ದುಂಡು ಸಂಖ್ಯೆಯ ದೂರದ ಸ್ಟ್ರೈಕ್‌ಗಳಲ್ಲೇ ಸೇರುತ್ತದೆ. ಅಷ್ಟೇ ದೂರದ, ಆದರೆ ಓಪನ್ ಇಂಟರೆಸ್ಟ್ ಕಡಿಮೆ ಇರುವ ಸ್ಟ್ರೈಕ್‌ಗಳನ್ನೂ ಬರೆದಿಟ್ಟು, ಎರಡರ ನಡುವೆ ವ್ಯತ್ಯಾಸವಿದೆಯೇ ಎಂದು ನೋಡಿದಿರಾ?

ಚಾರ್ಟ್‌ಮಿತ್ರ

ಹಾಗೆ ನೋಡಿಲ್ಲ, ಒಪ್ಪುತ್ತೇನೆ. ಆದರೆ ಎಕ್ಸ್‌ಪೈರಿ ದಿನ ಶೇರು ಒಂದು ಸ್ಟ್ರೈಕ್‌ಗೆ ಅಂಟಿಕೊಳ್ಳುವುದು ಸುಳ್ಳಲ್ಲವಲ್ಲ?

ಇಳಾ

ಅದು ಸುಳ್ಳಲ್ಲ. ಸೋಫಿ ನೀ, ನೀಲ್ ಪಿಯರ್ಸನ್ ಮತ್ತು ಅಲೆನ್ ಪೊಟೆಶ್ಮನ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪ್ಷನ್ ಇರುವ ಶೇರುಗಳ ಬೆಲೆ ಎಕ್ಸ್‌ಪೈರಿ ದಿನ ಸ್ಟ್ರೈಕ್‌ಗಳ ಬಳಿ ಗುಂಪುಗೂಡುವುದನ್ನು ತೋರಿಸಿದ್ದಾರೆ. ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಒಂದು ಮಾರ್ಕೆಟ್ ಮೇಕರ್‌ಗಳ ಹೆಡ್ಜಿಂಗ್. ಈ ಕಾರಣವನ್ನು ವಸಂತ ಅವರ ಸಂಖ್ಯೆಗಳಲ್ಲೇ ಇಟ್ಟು ನೋಡಿದರೆ, ಓಪನ್ ಇಂಟರೆಸ್ಟಿನಲ್ಲಿ ಏನು ಕಾಣೆಯಾಗಿದೆ ಎಂಬುದು ಎಲ್ಲಕ್ಕಿಂತ ಸ್ಪಷ್ಟವಾಗುತ್ತದೆ.

ಒಂದು ಕಾಂಟ್ರಾಕ್ಟಿಗೆ 100 ಶೇರು ಎಂದುಕೊಳ್ಳೋಣ. ಹೊಸ 5,000 ಕಾಂಟ್ರಾಕ್ಟ್ ಎಂದರೆ 5,00,000 ಶೇರು. ಶೇರು 1,012ರಿಂದ 1,035ಕ್ಕೆ ಹೋದರೆ ಈ ಕಾಲ್‌ನ ಡೆಲ್ಟಾ, ಅಂದರೆ ಶೇರು 1 ಏರಿದರೆ ಪ್ರೀಮಿಯಂ ಎಷ್ಟು ಏರುತ್ತದೆ ಎಂಬ ಪ್ರಮಾಣ, ಸುಮಾರು 0.35ರಿಂದ 0.45ಕ್ಕೆ ಏರುತ್ತದೆ, ಅಂದರೆ ಹೆಡ್ಜ್ ಮಾಡುವವರು 50,000 ಶೇರುಗಳಷ್ಟು ಹೊಂದಾಣಿಕೆ ಮಾಡಬೇಕು. ಸುಮತಿ ಅವರಂಥವರು ಬರೆದು ಮೇಕರ್ ಕೊಂಡಿದ್ದರೆ, ಮೇಕರ್ ಆ 50,000 ಶೇರುಗಳನ್ನು ಏರಿಕೆಯಲ್ಲಿ ಮಾರುತ್ತಾರೆ, ಇಳಿದಾಗ ಮರಳಿ ಕೊಳ್ಳುತ್ತಾರೆ. ಏರಿಕೆಗೆ ತಡೆ ಬೀಳುತ್ತದೆ, ಗೋಡೆ ಎನ್ನುವ ಮಾತಿಗೆ ಒಂದಿಷ್ಟು ಅರ್ಥ ಬರುತ್ತದೆ. ಗ್ರಾಹಕರು ಕೊಂಡು ಮೇಕರ್ ಬರೆದಿದ್ದರೆ, ಅದೇ 50,000 ಶೇರುಗಳನ್ನು ಅವರು ಏರಿಕೆಯಲ್ಲಿ ಕೊಳ್ಳಬೇಕಾಗುತ್ತದೆ, ಆಗ ಅದೇ ಸ್ಟ್ರೈಕ್ ಏರಿಕೆಯನ್ನು ಇನ್ನಷ್ಟು ತಳ್ಳುತ್ತದೆ. ಎರಡೂ ಸಂದರ್ಭದಲ್ಲಿ ಓಪನ್ ಇಂಟರೆಸ್ಟ್ 11,200 ಎಂದೇ ಇರುತ್ತದೆ. ಆ ಅಧ್ಯಯನಕಾರರು ಈ ಎರಡನ್ನು ಬೇರ್ಪಡಿಸಲು ಸಾಧ್ಯವಾದದ್ದು ಯಾವ ವರ್ಗದವರು ಕೊಂಡಿದ್ದಾರೆ, ಯಾವ ವರ್ಗದವರು ಬರೆದಿದ್ದಾರೆ ಎಂಬ ವಿಂಗಡಿತ ದತ್ತಾಂಶ ಅವರ ಕೈಯಲ್ಲಿದ್ದುದರಿಂದ. ನಮ್ಮ ಚೈನಿನಲ್ಲಿ ಅದಿಲ್ಲ.

ನವೀನ

ಹಾಗಾದರೆ ಆಪ್ಷನ್ ವ್ಯವಹಾರದಲ್ಲಿ ಮಾಹಿತಿಯೇ ಇಲ್ಲವೆಂದು ಅರ್ಥವೇ? ಒಳಗಿನ ವಿಷಯ ಬಲ್ಲವರು ಆಪ್ಷನ್‌ಗೆ ಮೊದಲು ಬರುತ್ತಾರೆ ಎಂದು ಕೇಳಿದ್ದೇನೆ.

ಇಳಾ

ಮಾಹಿತಿ ಇದೆ, ಆದರೆ ಅದು ಇರುವ ಜಾಗ ಬೇರೆ. ಜುನ್ ಪಾನ್ ಮತ್ತು ಅದೇ ಪೊಟೆಶ್ಮನ್ ಅವರು ಶಿಕಾಗೋ ಬೋರ್ಡ್ ಆಪ್ಷನ್ಸ್ ಎಕ್ಸ್‌ಚೇಂಜ್‌ನ 1990ರಿಂದ 2001ರವರೆಗಿನ ದತ್ತಾಂಶವನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಕೊಳ್ಳುವವರೇ ಮುಂದಾಗಿ, ಹೊಸ ಸ್ಥಾನ ತೆರೆಯಲು ಮಾಡಿದ ವ್ಯವಹಾರಗಳನ್ನು ಮಾತ್ರ ಆರಿಸಿ ಪುಟ್ ಮತ್ತು ಕಾಲ್ ಅನುಪಾತ ಕಟ್ಟಿದಾಗ, ಅನುಪಾತ ಕಡಿಮೆಯಿದ್ದ ಶೇರುಗಳು ಹೆಚ್ಚಿದ್ದವಕ್ಕಿಂತ ಮರುದಿನ ಶೇಕಡಾ 0.4ಕ್ಕೂ ಹೆಚ್ಚು, ಮುಂದಿನ ವಾರದಲ್ಲಿ ಶೇಕಡಾ 1ಕ್ಕೂ ಹೆಚ್ಚು ಗಳಿಸಿದ್ದವು. ಆದರೆ ಎಲ್ಲರಿಗೂ ಕಾಣುವ ವ್ಯವಹಾರಗಳಿಂದಲೇ ಅನುಪಾತ ಕಟ್ಟಿದಾಗ ಆ ಬಲ ಒಂದೆರಡು ದಿನಕ್ಕೆ ಮುಗಿದು ಬೆಲೆ ಹಿಂದಿರುಗುತ್ತಿತ್ತು. ಸೂಚ್ಯಂಕದ ಆಪ್ಷನ್‌ಗಳಲ್ಲಿ ಅವರಿಗೆ ಅಂಥ ಮಾಹಿತಿಯ ಸುಳಿವೇ ಸಿಗಲಿಲ್ಲ. ತೆರೆಯುವುದೋ ಮುಚ್ಚುವುದೋ, ಕೊಂಡವರು ಯಾರು ಎಂಬ ಎರಡು ಗುರುತುಗಳು ಅಳಿಸಿಹೋದಾಗ ಉಳಿಯುವುದು ನಮ್ಮ ಪರದೆಯ ಮೇಲಿನ ಸಂಖ್ಯೆ.

ವಸಂತ

ಎಲ್ಲರಿಗೂ ಧನ್ಯವಾದಗಳು. ನನ್ನ ಬ್ರೋಕರ್ ವ್ಯವಹಾರಗಳ ಪಟ್ಟಿಯನ್ನು ಸಮಯದ ಸಮೇತ ಕೊಡುತ್ತಾರೆಂದು ಇವತ್ತು ತಿಳಿಯಿತು. ನಿನ್ನೆ ಮಧ್ಯಾಹ್ನ ಒಂದೇ ಸೆಕೆಂಡಿನಲ್ಲಿ 1,000ದ ಕಾಲ್‌ನಲ್ಲಿ 1,500, 1,050ರ ಕಾಲ್‌ನಲ್ಲಿ 1,500 ನಡೆದಿವೆ. 1,000ದ್ದು ಆಸ್ಕ್ ಬೆಲೆಗೆ, 1,050ರದ್ದು ಬಿಡ್ ಬೆಲೆಗೆ. ಉಳಿದವೆಲ್ಲ ಹತ್ತು, ಇಪ್ಪತ್ತರ ಚಿಕ್ಕ ವ್ಯವಹಾರಗಳು, ಯಾವುದಕ್ಕೂ ಜೋಡಿ ಕಾಣುವುದಿಲ್ಲ.

ಸುಮತಿ

1,000ವನ್ನು ಆಸ್ಕ್ ಬೆಲೆಗೆ ಕೊಂಡು 1,050ನ್ನು ಬಿಡ್ ಬೆಲೆಗೆ ಮಾರುವುದು ನಾನು ಮಾಡುವ ಕೆಲಸವೇ. ನನ್ನಂಥವರೇ ಯಾರೋ, ಆದರೆ ನನಗಿಂತ ಬಹಳ ದೊಡ್ಡವರು.

ಲೆಕ್ಕಿಗ

ಹಾಗಿರುವ ಸಾಧ್ಯತೆ ಹೆಚ್ಚು. ನಿನ್ನೆಯ ಎರಡು ಸಂಖ್ಯೆಗಳಿಗಿಂತ ಈ ಒಂದು ಜೋಡಿ ಹೆಚ್ಚು ಹೇಳುತ್ತದೆ. ಎರಡು ಎಚ್ಚರಿಕೆಗಳನ್ನು ಮಾತ್ರ ಸೇರಿಸುತ್ತೇನೆ. ಎರಡು ಕಾಲ್‌ಗಳನ್ನು ಜೋಡಿಯಾಗಿ ಒಂದೇ ನಿವ್ವಳ ಬೆಲೆಗೆ ವ್ಯವಹರಿಸಿದಾಗ, ಆ ಬೆಲೆಯನ್ನು ಎರಡರ ನಡುವೆ ಹಂಚಿ ಬರೆಯುವುದರಲ್ಲಿ ಸಡಿಲವಿರುತ್ತದೆ, ಹಾಗಾಗಿ ಒಂದು ಆಸ್ಕ್‌ನಲ್ಲಿ, ಇನ್ನೊಂದು ಬಿಡ್‌ನಲ್ಲಿ ಕಂಡದ್ದನ್ನೇ ಆತುರದ ಪೂರ್ಣ ಸಾಕ್ಷಿ ಎನ್ನಲಾಗದು. ಎರಡನೆಯದಾಗಿ, 1,000ವನ್ನು ಹೊಸದಾಗಿ ಕೊಂಡು 1,050ನ್ನು ಹೊಸದಾಗಿ ಮಾರಿದ ಸ್ಪ್ರೆಡ್ ಕೂಡ ಪಟ್ಟಿಯಲ್ಲಿ ಹೀಗೆಯೇ ಕಾಣುತ್ತದೆ, ಅದು ಏರಿಕೆಯ ಪರವಾದ ಸ್ಥಾನ. 1,000ದ ಓಪನ್ ಇಂಟರೆಸ್ಟ್ ಒಟ್ಟಾರೆ ಇಳಿದಿರುವುದರಿಂದ ಮುಚ್ಚಿದ್ದೇ ಇರಬಹುದೆಂದು ನಾನು ಊಹಿಸುತ್ತೇನೆ, ಆದರೆ ಆ ಇಳಿಕೆ ಬೇರೆಯವರದ್ದೂ ಆಗಿರಬಹುದು.

ಚಾರ್ಟ್‌ಮಿತ್ರ

ಆದರೂ ದೊಡ್ಡ ಜೋಡಿ ಬರೆಯುವವರ ಕಡೆಯದ್ದೇ ಎಂದಾಯಿತಲ್ಲ. ನನ್ನ ಮಟ್ಟಿಗೆ 1,050ನ್ನು ತಡೆಯೆಂದೇ ಇಟ್ಟುಕೊಳ್ಳುತ್ತೇನೆ. ಇಳಾ ಅವರು ಹೇಳಿದಂತೆ ಓಪನ್ ಇಂಟರೆಸ್ಟ್ ಕಡಿಮೆಯಿರುವ ಸ್ಟ್ರೈಕ್‌ಗಳನ್ನೂ ಈ ತಿಂಗಳಿನಿಂದ ಜೊತೆಗೆ ಬರೆದಿಡುತ್ತೇನೆ.

ವಸಂತ

ನಾನು ನಿನ್ನೆಯ ಪುಟದಲ್ಲಿ ‘1,050ರಲ್ಲಿ ಗೋಡೆ’ ಎಂಬುದನ್ನು ಹೊಡೆದುಹಾಕಿ ಹೀಗೆ ಬರೆದುಕೊಂಡಿದ್ದೇನೆ: ಹೊಸ ಕಾಂಟ್ರಾಕ್ಟ್ 5,000ದಿಂದ 6,500ರೊಳಗೆ, ಅದರಲ್ಲಿ 1,500 ಬಹುಶಃ 1,000ದಿಂದ ಮೇಲಕ್ಕೆ ಸರಿಸಿದ್ದು, ಬರೆದವರ ಬಳಿ ಶೇರು ಇದೆಯೋ ಇಲ್ಲವೋ ಗೊತ್ತಿಲ್ಲ, ಉಳಿದ 3,500ಕ್ಕೂ ಮಿಕ್ಕಿದವುಗಳ ದಿಕ್ಕು ಗೊತ್ತಿಲ್ಲ. ಇವತ್ತು ಅದೇ ಸ್ಟ್ರೈಕ್‌ನಲ್ಲಿ 4,000 ವಾಲ್ಯೂಮ್ ಆಗಿದ್ದು, ಓಪನ್ ಇಂಟರೆಸ್ಟ್ 11,200ರಲ್ಲೇ ನಿಂತಿದೆ.

ಲೆಕ್ಕಿಗ

ಹಾಗಾದರೆ ಇಂದಿನ ಸಾಲಿಗೆ ಇದನ್ನೂ ಸೇರಿಸಿಕೊಳ್ಳಿ: ನಿನ್ನೆ ಬಂದವರಲ್ಲಿ 4,000 ಕಾಂಟ್ರಾಕ್ಟ್‌ಗಳವರೆಗೆ ಇವತ್ತೇ ಬೇರೆಯವರ ಕೈಗೆ ದಾಟಿಸಿ ಹೋಗಿರಬಹುದು.